ಯುರೋ ಬಿಲ್ಲಿಗೆ ಯಾವ ದಿನದ ದರ?

ಮುಳವಾಡದ ಹೆಸರು ಹೊರಗಿನವರಿಗೆ ಗೊತ್ತಿರುವುದು ಏತ ನೀರಾವರಿ ಯೋಜನೆಯಿಂದ. ಆಲಮಟ್ಟಿ ಜಲಾಶಯದ ಹಿನ್ನೀರನ್ನು ಮೇಲೆತ್ತಿ ವಿಜಯಪುರ ಜಿಲ್ಲೆಯ ಒಣಭೂಮಿಗೆ ಹರಿಸುವ ಯೋಜನೆ ಅದು. ನೀರು ಬಂದ ಕಡೆ ದ್ರಾಕ್ಷಿ, ದ್ರಾಕ್ಷಿ ಬಂದ ಕಡೆ ಒಣದ್ರಾಕ್ಷಿಯ ಶೆಡ್ಡು. ಶೆಡ್ಡಿನ ಜೊತೆಗೆ ಕಾಯಿ ತೊಳೆಯುವ, ತೊಟ್ಟು ಬಿಡಿಸುವ, ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳೂ ಬರುತ್ತವೆ. ಇಂಥ ಯಂತ್ರದ ಬಿಡಿಭಾಗ ಕೆಲವೊಮ್ಮೆ ಪರದೇಶದಿಂದಲೇ ಬರಬೇಕಾಗುತ್ತದೆ. ಆಗ ಬಿ.ಕಾಂ. ಮುಗಿಸಿ ಈಗಷ್ಟೇ ಲೆಕ್ಕಪತ್ರದ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಮೊಬೈಲಿಗೆ ಮಾಲೀಕರಿಂದ ಒಂದು ಫೋಟೊ ಬರುತ್ತದೆ: ಯುರೋದಲ್ಲಿರುವ ಇನ್‌ವಾಯ್ಸ್. ಕೆಳಗೆ ಒಂದೇ ಸಾಲು, "ಇದನ್ನ ಟ್ಯಾಲಿಗೆ ಹಾಕ್ರಿ."

ಈ ಲೇಖನ ಅವರಿಗಾಗಿ. ಒಂದೇ ಒಂದು ಇನ್‌ವಾಯ್ಸನ್ನು ಹಿಡಿದು, ಫೋಟೊದಿಂದ ಹಿಡಿದು ಹಣ ಕಳಿಸುವ ತನಕ ನಡೆಸಿಕೊಂಡು ಹೋಗೋಣ. ಉದಾಹರಣೆಯಲ್ಲಿರುವ ಘಟಕ, ಮೊತ್ತ ಮತ್ತು ವಿನಿಮಯ ದರಗಳೆಲ್ಲ ಪಾಠಕ್ಕಾಗಿ ನಾನು ಹಿಡಿದುಕೊಂಡವು. ದಿನ, ವಾರ, ನಿಯಮಗಳು ಮಾತ್ರ ನಿಜವಾದವು.

ಮುಳವಾಡದ ಒಂದು ಒಣದ್ರಾಕ್ಷಿ ಘಟಕ ಇಟಲಿಯಿಂದ ಬಣ್ಣ ಬೇರ್ಪಡಿಸುವ ಯಂತ್ರದ ಕ್ಯಾಮೆರಾ ಭಾಗವೊಂದನ್ನು ತರಿಸಿತು ಎಂದುಕೊಳ್ಳಿ. ಫೋಟೊ ಹೀಗೆ ಕಾಣುತ್ತದೆ: ಮೇಲೆ ಬಲಗಡೆ `Data fattura 05/03/2025`, ಅದರ ಕೆಳಗೆ `Scadenza 21/04/2025`, ನಡುವೆ `FCA Milano`, ಕೊನೆಯಲ್ಲಿ `Totale € 4.850,00`. ಕಾಗದ ಮಡಚಿದ ಗೆರೆ ಮೊತ್ತದ ಮೇಲೇ ಹಾದುಹೋಗಿದೆ.

ಇಲ್ಲಿ ದರ ಹುಡುಕುವುದಕ್ಕಿಂತ ಮೊದಲು ಓದುವ ಕೆಲಸವಿದೆ. ಅವಸರ ಮಾಡಬೇಡಿ, ಏಕೆಂದರೆ ಮುಂದಿನ ಲೆಕ್ಕವೆಲ್ಲ ಈ ಓದಿನ ಮೇಲೆಯೇ ನಿಂತಿದೆ.

ಮೊದಲಿಗೆ ಮೊತ್ತ. ಇಟಲಿ, ಜರ್ಮನಿ, ಸ್ಪೇನ್ ದೇಶಗಳಲ್ಲಿ ಸಾವಿರಕ್ಕೆ ಚುಕ್ಕೆ ಇಡುತ್ತಾರೆ, ಪೈಸೆಯ ಜಾಗಕ್ಕೆ ಅಲ್ಪವಿರಾಮ ಇಡುತ್ತಾರೆ. ನಮ್ಮ ಪದ್ಧತಿಗೆ ಇದು ಪೂರ್ತಿ ಉಲ್ಟಾ. `4.850,00` ಎಂದರೆ ನಾಲ್ಕು ಸಾವಿರದ ಎಂಟುನೂರ ಐವತ್ತು ಯುರೋ. ಇದನ್ನು ನಾಲ್ಕು ಯುರೋ ಎಂಬತ್ತೈದು ಸೆಂಟು ಎಂದು ಯಾರೂ ಓದಲಾರರು ಅನ್ನಿಸಬಹುದು. ಆದರೆ ಫೋಟೊದಿಂದ ಅಂಕಿ ಎತ್ತಿಕೊಡುವ ಆ್ಯಪ್ ಹಾಗೆ ಓದುತ್ತದೆ. ಅದು ಓದಿದ್ದನ್ನು ನೋಡದೆ ಒತ್ತಿಬಿಟ್ಟರೆ ನಾಲ್ಕೂವರೆ ಲಕ್ಷದ ಖರೀದಿ ನಾನೂರ ಐವತ್ತೆಂಟು ರೂಪಾಯಿ ಆಗಿ ಕೂರುತ್ತದೆ. ಮೊತ್ತವನ್ನು ಖಚಿತ ಮಾಡಿಕೊಳ್ಳುವ ದಾರಿ ಸುಲಭದ್ದು: ಮೇಲಿನ ಸಾಲುಗಳಲ್ಲಿ ಇರುವ ಸಂಖ್ಯೆ ಮತ್ತು ಬೆಲೆಯನ್ನು ನೀವೇ ಗುಣಿಸಿ, ಕೂಡಿಸಿ, ಕೆಳಗಿನ ಮೊತ್ತಕ್ಕೆ ತಾಳೆ ಹಾಕಿ.

ಆಮೇಲೆ ನಾಣ್ಯ. ಯುರೋದ ಗುರುತು ಒಂದೇ, ಅದರಲ್ಲಿ ಗೊಂದಲವಿಲ್ಲ. ಆದರೆ `$` ಕಂಡರೆ ಅದು ಅಮೆರಿಕದ್ದೇ ಎಂದು ನಂಬಬೇಡಿ. ಸಿಂಗಪುರ, ಆಸ್ಟ್ರೇಲಿಯ, ಹಾಂಗ್‌ಕಾಂಗ್ ಡಾಲರಿಗೂ ಅದೇ ಗುರುತು. `¥` ಜಪಾನಿನ ಯೆನ್‌ಗೂ ಹೌದು, ಚೀನಾದ ಯುವಾನ್‌ಗೂ ಹೌದು. ಇನ್‌ವಾಯ್ಸಿನ ಕೆಳಭಾಗದಲ್ಲಿ ಬ್ಯಾಂಕ್ ವಿವರದ ಹತ್ತಿರ `USD`, `SGD`, `CNY` ಎಂದು ಮೂರಕ್ಷರದ ಸಂಕೇತ ಇರುವುದು ಹೆಚ್ಚು. ಫೋಟೊ ತೆಗೆದವರು ಕೆಳಭಾಗ ಬಿಟ್ಟಿದ್ದರೆ ಮೂಲ ಪಿಡಿಎಫ್ ಕಳಿಸಲು ಕೇಳಿ. ನಾಚಿಕೆ ಬೇಡ; ಅದು ನಿಮ್ಮ ಕೆಲಸದ ಭಾಗ.

ಮೂರನೆಯದು ತಾರೀಖು. `05/03/2025` ಇಟಲಿಯಲ್ಲಿ ಮಾರ್ಚ್ 5. ಇದೇ ಬರಹ ಅಮೆರಿಕದ ಕಂಪನಿಯಿಂದ ಬಂದಿದ್ದರೆ ಮೇ 3 ಆಗುತ್ತಿತ್ತು. ಎರಡಕ್ಕೂ ನಡುವೆ ನಮ್ಮ ಮಾರ್ಚ್ 31 ಬರುವುದರಿಂದ ಇದು ದರದ ಪ್ರಶ್ನೆ ಮಾತ್ರವಲ್ಲ, ಆರ್ಥಿಕ ವರ್ಷದ ಪ್ರಶ್ನೆಯೂ ಹೌದು. ಅನುಮಾನ ಬಂದಾಗ ಅದೇ ಇನ್‌ವಾಯ್ಸಿನಲ್ಲಿ 12ಕ್ಕಿಂತ ದೊಡ್ಡ ಅಂಕಿ ಇರುವ ಇನ್ನೊಂದು ತಾರೀಖು ಹುಡುಕಿ. ಇಲ್ಲಿ ಪಾವತಿಯ ಗಡುವು `21/04/2025`. ಇಪ್ಪತ್ತೊಂದನೇ ತಿಂಗಳು ಇಲ್ಲ. ಹಾಗಾದರೆ ಮೊದಲಿರುವುದು ದಿನ, ಆಮೇಲಿರುವುದು ತಿಂಗಳು. ಅನುಮಾನ ಅಲ್ಲಿಗೇ ಬಗೆಹರಿಯಿತು.

ಈಗ ಓದಿ ಆಯಿತು: 4,850 ಯುರೋ, ಇನ್‌ವಾಯ್ಸ್ ಮಾರ್ಚ್ 5, ಬುಧವಾರ. ಹೊಸಬರು ಸಾಮಾನ್ಯವಾಗಿ ಇಲ್ಲಿ ಗೂಗಲ್ ತೆರೆದು ಇವತ್ತಿನ ಯುರೋ ದರ ನೋಡಿ ಗುಣಿಸಿಬಿಡುತ್ತಾರೆ. ಅದು ನೀವು ಎಂಟ್ರಿ ಮಾಡಲು ಕುಳಿತ ದಿನದ ದರ, ವ್ಯವಹಾರದ ದಿನದ್ದಲ್ಲ. ಸ್ವಲ್ಪ ತಿಳಿದವರು ಇನ್‌ವಾಯ್ಸಿನ ತಾರೀಖಿನ ದರ ಹಾಕುತ್ತಾರೆ. ಅದೂ ಹಲವು ಸಲ ಸರಿಯಲ್ಲ.

ವಿದೇಶಿ ವಿನಿಮಯದ ಲೆಕ್ಕಕ್ಕೆ ನಮ್ಮಲ್ಲಿ ಇರುವ ಮಾನದಂಡ ಎಎಸ್ 11. ದೊಡ್ಡ ಕಂಪನಿಗಳಿಗೆ ಇಂಡ್ ಎಎಸ್ 21. ಎರಡೂ ಹೇಳುವುದು ಒಂದೇ: ವ್ಯವಹಾರ ನಡೆದ ದಿನದ ದರ. ವ್ಯವಹಾರ ನಡೆಯಿತು ಎಂದರೆ ಮಾಲು ನಿಮ್ಮದಾಯಿತು ಎಂದು. ಮಾಲಿಗೆ ಏನಾದರೂ ಆದರೆ ನಷ್ಟ ಯಾರ ತಲೆಗೆ ಎನ್ನುವುದು ಯಾವ ದಿನ ಮಾರುವವನಿಂದ ನಿಮಗೆ ದಾಟಿತೋ ಆ ದಿನ. ಅದನ್ನು ಹೇಳುವುದು ಇನ್‌ವಾಯ್ಸಿನ ನಡುವೆ ಸಣ್ಣಗೆ ಬರೆದಿರುವ ಆ ಮೂರಕ್ಷರ.

ನಮ್ಮ ಇನ್‌ವಾಯ್ಸಿನಲ್ಲಿ `FCA Milano` ಎಂದಿದೆ. ಮಾರುವವನು ಮಿಲಾನ್‌ನಲ್ಲಿ, ನೀವು ಗೊತ್ತುಮಾಡಿದ ಸಾಗಣೆದಾರನ ಕೈಗೆ ಮಾಲು ಒಪ್ಪಿಸಿದರೆ ಅವನ ಜವಾಬ್ದಾರಿ ಮುಗಿಯಿತು ಎಂದರ್ಥ. ಆ ದಿನ ಏರ್‌ವೇ ಬಿಲ್ಲಿನಲ್ಲಿ ಸಿಗುತ್ತದೆ. ಅದು ಮಾರ್ಚ್ 10, ಸೋಮವಾರ ಎಂದಿಟ್ಟುಕೊಳ್ಳಿ. `EXW` ಎಂದಿದ್ದರೆ ಅವರ ಕಾರ್ಖಾನೆಯ ಬಾಗಿಲಲ್ಲೇ ಮಾಲು ನಿಮ್ಮದು. ಹಡಗಿನ ಮಾಲಿಗೆ `FOB` ಅಥವಾ `CIF` ಎಂದಿದ್ದರೆ ಹಡಗಿಗೆ ಏರಿಸಿದ ದಿನ. ಸಾಗಣೆ ಖರ್ಚು ಮಾರುವವನೇ ಕೊಟ್ಟರೂ `CIF`ನಲ್ಲಿ ಜವಾಬ್ದಾರಿ ದಾಟುವುದು ಹಡಗು ಏರಿದಾಗಲೇ, ಮುಂಬೈಗೆ ಬಂದಾಗ ಅಲ್ಲ. ಇದನ್ನು ಅನುಭವಸ್ಥರೂ ಮರೆಯುತ್ತಾರೆ. `DAP` ಇದ್ದರೆ ಮಾತ್ರ ಹೇಳಿದ ಜಾಗಕ್ಕೆ ತಲುಪುವ ತನಕ ಮಾರುವವನದೇ ಹೊಣೆ. ಹಾಗಾಗಿ ಇನ್‌ವಾಯ್ಸಿನ ಫೋಟೊ ಒಂದೇ ಸಾಲದು. ಏರ್‌ವೇ ಬಿಲ್ ಅಥವಾ ಬಿಲ್ ಆಫ್ ಲೇಡಿಂಗ್ ಜೊತೆಗೆ ತರಿಸಿಕೊಳ್ಳಿ.

ದಿನ ಸಿಕ್ಕಿತು, ದರ ಎಲ್ಲಿಂದ? ಮೊದಲು ರಿಸರ್ವ್ ಬ್ಯಾಂಕ್ ತಾನೇ ರೆಫರೆನ್ಸ್ ದರ ಪ್ರಕಟಿಸುತ್ತಿತ್ತು. 2018ರ ಜುಲೈ 10ರಿಂದ ಆ ಕೆಲಸ ಎಫ್‌ಬಿಐಎಲ್ ಎಂಬ ಸಂಸ್ಥೆಯದು. ಡಾಲರ್, ಯುರೋ, ಪೌಂಡ್, ಯೆನ್ ದರಗಳು ಕೆಲಸದ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಬರುತ್ತವೆ. ಶನಿವಾರ, ಭಾನುವಾರ, ಮುಂಬೈ ಮಾರುಕಟ್ಟೆಯ ರಜೆಯಲ್ಲಿ ಬರುವುದಿಲ್ಲ. ಅಂಥ ದಿನಕ್ಕೆ ಹಿಂದಿನ ಕೆಲಸದ ದಿನದ ದರ ಹಿಡಿಯುವುದು ರೂಢಿ. ಯೆನ್ ದರ ನೂರು ಯೆನ್‌ಗೆ ಇಷ್ಟು ರೂಪಾಯಿ ಎಂದು ಇರುತ್ತದೆ, ಅದನ್ನು ಒಂದು ಯೆನ್‌ಗೆ ಎಂದು ತಿಳಿದರೆ ಲೆಕ್ಕ ನೂರು ಪಟ್ಟು ಉಬ್ಬುತ್ತದೆ. ಕೆಲವು ಕಚೇರಿಗಳು ಎಫ್‌ಬಿಐಎಲ್ ಬದಲು ತಮ್ಮ ಬ್ಯಾಂಕಿನ ಆ ದಿನದ ದರ ಬಳಸುತ್ತವೆ. ಯಾವುದಾದರೂ ಆಗಲಿ, ಒಂದನ್ನು ಹಿಡಿದರೆ ಎಲ್ಲ ಬಿಲ್ಲಿಗೂ, ಎಲ್ಲ ವರ್ಷವೂ ಅದೇ ಇರಬೇಕು. ಬಿಲ್ಲಿನಿಂದ ಬಿಲ್ಲಿಗೆ ಅನುಕೂಲದ ದರ ಆರಿಸುವುದನ್ನು ಯಾವ ಆಡಿಟರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಮಾರ್ಚ್ 10ರ ದರ ಯುರೋಗೆ 94.50 ಎಂದು ಹಿಡಿಯೋಣ. ಟ್ಯಾಲಿಯಲ್ಲಿ ಯುರೋವನ್ನು ಕರೆನ್ಸಿಯಾಗಿ ಮೊದಲೇ ಸೃಷ್ಟಿಸಿಕೊಂಡು, ಇಟಲಿಯವರ ಲೆಜರಿಗೆ ಯುರೋವನ್ನೇ ಕೊಟ್ಟಿದ್ದರೆ ಖರೀದಿ ವೋಚರಿನಲ್ಲಿ ಹೀಗೆ ಕೂರುತ್ತದೆ:

```
€ 4850.00 @ ₹ 94.50/€ = ₹ 4,58,325.00
```

ವೋಚರಿನ ವಿವರಣೆಯಲ್ಲಿ ಇನ್‌ವಾಯ್ಸ್ ಸಂಖ್ಯೆ, ಏರ್‌ವೇ ಬಿಲ್ಲಿನ ತಾರೀಖು, ದರ ಎಲ್ಲಿಂದ ತೆಗೆದದ್ದು, ಇಷ್ಟನ್ನು ಬರೆದಿಡಿ. ಫೋಟೊವನ್ನೂ ದರದ ಪುಟವನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಆಡಿಟ್ ಸಮಯದಲ್ಲಿ ಯಾರಾದರೂ ಕೇಳಿದರೆ ಉತ್ತರ ಅಲ್ಲೇ ಇರುತ್ತದೆ.

ಇನ್ನೊಂದು ವಾರ ಕಳೆಯಿತು. ಮಾಲು ಮುಂಬೈ ವಿಮಾನ ನಿಲ್ದಾಣಕ್ಕೆ ಬಂತು. ಮಾರ್ಚ್ 17, ಸೋಮವಾರ ಕಸ್ಟಮ್ಸ್ ಏಜೆಂಟ್ ಬಿಲ್ ಆಫ್ ಎಂಟ್ರಿ ಸಲ್ಲಿಸಿದರು. ಅದರ ಪ್ರತಿ ನಿಮಗೆ ಬಂದಾಗ ಅದರಲ್ಲಿ ಬೇರೆಯೇ ದರ, ಬೇರೆಯೇ ಮೊತ್ತ ಕಾಣುತ್ತದೆ. ಹೊಸಬರು ಹೆಚ್ಚು ತಬ್ಬಿಬ್ಬಾಗುವುದು ಇಲ್ಲೇ.

ಕಸ್ಟಮ್ಸ್ ದರ ಬೇರೆ ನಿಯಮದ್ದು. 1962ರ ಕಸ್ಟಮ್ಸ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಆಮದಿಗೆ ಹಿಡಿಯುವುದು ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಜಾರಿಯಲ್ಲಿದ್ದ, ಸರ್ಕಾರ ಗೊತ್ತುಮಾಡಿದ ದರ. ಈ ದರ ದಿನಾ ಬದಲಾಗುವುದಿಲ್ಲ. ಸಾಮಾನ್ಯವಾಗಿ ತಿಂಗಳ ಮೊದಲ ಮತ್ತು ಮೂರನೇ ಗುರುವಾರ ಸಂಜೆ ಹೊರಬಿದ್ದು ಮರುದಿನದಿಂದ ಜಾರಿಗೆ ಬರುತ್ತದೆ. 2024ರಿಂದ ಇದು ಐಸ್‌ಗೇಟ್ ಪೋರ್ಟಲ್ಲಿನಲ್ಲೇ ಸಿಗುತ್ತದೆ, ಆಮದಿಗೆ ಒಂದು, ರಫ್ತಿಗೆ ಒಂದು. 2025ರ ಮಾರ್ಚಿನಲ್ಲಿ ಮೊದಲ ಗುರುವಾರ 6ನೇ ತಾರೀಖು, ಮೂರನೆಯದು 20. ಮಾರ್ಚ್ 17 ಇವೆರಡರ ನಡುವಿನದು, ಹಾಗಾಗಿ 6ರಂದು ಪ್ರಕಟವಾಗಿ 7ರಿಂದ ಜಾರಿಯಾದ ದರ. ಅದನ್ನು 95.60 ಎಂದು ಹಿಡಿಯೋಣ.

ಅಷ್ಟೇ ಅಲ್ಲ, ಕಸ್ಟಮ್ಸ್‌ನವರು ಸುಂಕ ಹಾಕುವುದು ಮಾಲಿನ ಬೆಲೆಯ ಮೇಲೆ ಮಾತ್ರವಲ್ಲ. ವಿಮಾನದ ಬಾಡಿಗೆ, ವಿಮೆ ಸೇರಿಸಿ. ಎರಡೂ ಸೇರಿ 250 ಯುರೋ ಆಯಿತು ಎಂದರೆ 5,100 ಯುರೋ, ರೂಪಾಯಿಯಲ್ಲಿ 4,87,560. ಸುಂಕದ ಲೆಕ್ಕಕ್ಕೆ ಬುಡ ಈ ಮೊತ್ತ; ಐಜಿಎಸ್‌ಟಿಗೆ ಇದರ ಜೊತೆ ಆ ಸುಂಕವೂ ಸೇರುತ್ತದೆ.

ಈಗ ಬಹಳ ಮುಖ್ಯವಾದ ಮಾತು. ಈ 4,87,560 ನಿಮ್ಮ ಪುಸ್ತಕದಲ್ಲಿ ಖರೀದಿಯ ಮೊತ್ತ ಅಲ್ಲ. ಇಟಲಿಯವರಿಗೆ ನೀವು ಕೊಡಬೇಕಾದ್ದು 4,850 ಯುರೋ, ಅದು ಪುಸ್ತಕದಲ್ಲಿ 4,58,325 ಆಗಿಯೇ ಉಳಿಯುತ್ತದೆ. ಬಿಲ್ ಆಫ್ ಎಂಟ್ರಿಯಿಂದ ನೀವು ಎತ್ತಿಕೊಳ್ಳುವುದು ಕಟ್ಟಿದ ತೆರಿಗೆಯ ರೂಪಾಯಿಗಳನ್ನು ಮಾತ್ರ. ಮೂಲ ಕಸ್ಟಮ್ಸ್ ಸುಂಕವೂ ಅದರ ಮೇಲಿನ ಸಮಾಜ ಕಲ್ಯಾಣ ಸರ್ಚಾರ್ಜೂ ಬಿಡಿಭಾಗದ ವೆಚ್ಚಕ್ಕೆ ಸೇರುತ್ತವೆ. ಐಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಗೆ, ಅಂದರೆ ಇನ್‌ಪುಟ್ ಕ್ರೆಡಿಟ್ಟಿಗೆ ಹೋಗುತ್ತದೆ, ಜಿಎಸ್‌ಟಿಆರ್-2ಬಿಯಲ್ಲಿ ಅದೇ ರೂಪಾಯಿ ಕಾಣಬೇಕು. ಐಜಿಎಸ್‌ಟಿಯನ್ನು 94.50 ದರ ಹಾಕಿ ನೀವೇ ಲೆಕ್ಕ ಮಾಡಿದರೆ 2ಬಿಗೆ ತಾಳೆಯಾಗುವುದಿಲ್ಲ. ತಾಳೆಯಾಗದ ಐಜಿಎಸ್‌ಟಿ ಕಂಡರೆ ಮೊದಲ ಅನುಮಾನ ಇದರ ಮೇಲೇ ಇರಲಿ. ವಿಮಾನದ ಬಾಡಿಗೆ ಸಾಗಣೆ ಕಂಪನಿಯ ಬೇರೆ ಬಿಲ್ಲಿನಲ್ಲಿ ಬರುತ್ತದೆ. ಅದಕ್ಕೆ ಬೇರೆ ಎಂಟ್ರಿ.

ಪಕ್ಕದಲ್ಲಿ ಒಂದು ಮಾತು. ಮಾಲಿನ ಬದಲು ಪರದೇಶದ ಸಾಫ್ಟ್‌ವೇರ್ ಚಂದಾದಂಥ ಸೇವೆ ತರಿಸಿದರೆ ಕಸ್ಟಮ್ಸ್ ದರ ಬರುವುದಿಲ್ಲ. ಜಿಎಸ್‌ಟಿ ನಿಯಮ 34 ಸೇವೆಗೆ ಲೆಕ್ಕಪತ್ರ ಮಾನದಂಡದ ದರವನ್ನೇ ಹೇಳುತ್ತದೆ, ಆದರೆ ದಿನ ಮಾತ್ರ ತೆರಿಗೆ ಹೊಣೆ ಹುಟ್ಟುವ ದಿನ. ಅದು ಇನ್ನೊಂದು ಪಾಠ, ಇವತ್ತು ಬಿಡಿಭಾಗಕ್ಕೆ ಮರಳೋಣ.

ಮಾರ್ಚ್ 31 ಬಂತು. ಇಟಲಿಯವರಿಗೆ ಇನ್ನೂ ಹಣ ಕೊಟ್ಟಿಲ್ಲ. ಕೊಡಬೇಕಾದ ಹಣ ವಿದೇಶಿ ನಾಣ್ಯದಲ್ಲಿ ನಿಂತಿರುವಾಗ ವರ್ಷದ ಕೊನೆಯ ದಿನದ ದರಕ್ಕೆ ಅದನ್ನು ಮತ್ತೆ ಬೆಲೆಕಟ್ಟಬೇಕು. 2025ರ ಮಾರ್ಚ್ 31 ಸೋಮವಾರ, ರಂಜಾನ್ ರಜೆ. ಹಿಂದಿನ ಕೆಲಸದ ದಿನ ಶುಕ್ರವಾರ, ಮಾರ್ಚ್ 28. ಹಾಗಾಗಿ ಆ ದಿನದ ದರ. 92.40 ಎಂದು ಹಿಡಿದರೆ 4,850 ಯುರೋ ಈಗ 4,48,140 ರೂಪಾಯಿ. ಮೊದಲು ಬರೆದದ್ದಕ್ಕಿಂತ 10,185 ರೂಪಾಯಿ ಕಡಿಮೆ. ಇದು 2024-25ರ ವಿನಿಮಯ ಲಾಭ.

ಮರುಬೆಲೆ ಕಟ್ಟುವುದು ಇಟಲಿಯವರಿಗೆ ಕೊಡಬೇಕಾದ ಬಾಕಿಗೆ ಮಾತ್ರ. ಬಿಡಿಭಾಗದ ಬೆಲೆ 94.50ರಲ್ಲಿ ಒಮ್ಮೆ ನಿಂತರೆ ನಿಂತಿತು, ಅದನ್ನು ಮಾರ್ಚ್ 31ಕ್ಕೆ ಮುಟ್ಟಬೇಡಿ. ಇದೇ ಕಾರಣಕ್ಕೆ, ಆರ್ಡರ್ ಕೊಡುವಾಗಲೇ ಮುಂಗಡ ಕಳಿಸಿದ್ದರೆ ಆ ಮುಂಗಡವೂ ಮರುಬೆಲೆಗೆ ಬರುವುದಿಲ್ಲ. ಅದಕ್ಕೆ ಬದಲಾಗಿ ಬರಬೇಕಾದ್ದು ಹಣ ಅಲ್ಲ, ಮಾಲು. ಮುಂಗಡದ ಪಾಲಿಗೆ ಮುಂಗಡ ಕಳಿಸಿದ ದಿನದ ದರ, ಉಳಿದ ಪಾಲಿಗೆ ಮಾಲು ದಾಟಿದ ದಿನದ ದರ. ಚೀನಾದಿಂದ ಯಂತ್ರ ತರಿಸುವವರಲ್ಲಿ ಮುಂಗಡ ಕೇಳುವುದು ಸಾಮಾನ್ಯ, ಆದ್ದರಿಂದ ಈ ಪ್ರಶ್ನೆ ನಿಮಗೆ ಬೇಗ ಎದುರಾಗುತ್ತದೆ. ಬಿಡಿಭಾಗವಲ್ಲದೆ ಇಡೀ ಯಂತ್ರವನ್ನೇ ತರಿಸಿದ್ದರೆ ಆದಾಯ ತೆರಿಗೆಯ ಲೆಕ್ಕದಲ್ಲಿ ವಿನಿಮಯ ವ್ಯತ್ಯಾಸಕ್ಕೆ ಬೇರೆ ದಾರಿಯಿದೆ, ಅದನ್ನು ಸಿ.ಎ. ಅವರ ಬಳಿ ಕೇಳಿಯೇ ಮುಂದುವರಿಯಿರಿ.

ಟ್ಯಾಲಿ ಈ ವ್ಯತ್ಯಾಸವನ್ನು ತಾನಾಗಿ ಲಾಭ-ನಷ್ಟಕ್ಕೆ ಹಾಕುವುದಿಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ `Unadjusted Forex Gain/Loss` ಎಂಬ ಸಾಲು ತೋರಿಸಿ ಸುಮ್ಮನಿರುತ್ತದೆ. ಜರ್ನಲ್ ವೋಚರಿನಲ್ಲಿ ವಿನಿಮಯ ವ್ಯತ್ಯಾಸಕ್ಕೆಂದು ಕ್ಲಾಸ್ ಮಾಡಿಕೊಂಡು, ಇಟಲಿಯವರ ಲೆಜರಿಗೆ ಡೆಬಿಟ್, ವಿನಿಮಯ ಲಾಭ-ನಷ್ಟದ ಲೆಜರಿಗೆ ಕ್ರೆಡಿಟ್, 10,185 ರೂಪಾಯಿ ಹಾಕಬೇಕು. ಹಾಕಿದ ಮೇಲೆ ಆ ಸಾಲು ಮಾಯವಾಗಬೇಕು. ಮುಗಿದ ವರ್ಷದ ಬ್ಯಾಲೆನ್ಸ್ ಶೀಟಿನಲ್ಲಿ ಅದು ಇನ್ನೂ ಕಾಣುತ್ತಿದ್ದರೆ ಕೆಲಸ ಬಾಕಿಯಿದೆ ಎಂದೇ ತಿಳಿಯಿರಿ.

ಏಪ್ರಿಲ್ 21, ಸೋಮವಾರ. ಬ್ಯಾಂಕ್ ಹಣ ಕಳಿಸಿತು. ಇಲ್ಲಿ ಎಫ್‌ಬಿಐಎಲ್ ದರ ಹುಡುಕುವ ಅಗತ್ಯವೇ ಇಲ್ಲ. ಬ್ಯಾಂಕ್ ನಿಮಗೆ ಯುರೋ ಮಾರಿದ ದರವೇ ದರ, ಅದು ಬ್ಯಾಂಕಿನ ಸಲಹಾ ಪತ್ರದಲ್ಲಿ ಇರುತ್ತದೆ. 98.10 ಎಂದುಕೊಂಡರೆ 4,75,785 ರೂಪಾಯಿ. ಪುಸ್ತಕದಲ್ಲಿ ನಿಂತಿದ್ದ ಬಾಕಿ 4,48,140. ವ್ಯತ್ಯಾಸ 27,645 ರೂಪಾಯಿ, 2025-26ರ ವಿನಿಮಯ ನಷ್ಟ. ಬ್ಯಾಂಕಿನ ಕಮಿಷನ್ ಮತ್ತು ಅದರ ಮೇಲಿನ ಜಿಎಸ್‌ಟಿ ಅದೇ ದಿನ ಖಾತೆಯಿಂದ ಕಡಿತವಾಗಿರುತ್ತದೆ. ಅದನ್ನು ಬೇರೆ ಮಾಡಿ ಬ್ಯಾಂಕ್ ಶುಲ್ಕಕ್ಕೆ ಹಾಕಿ. ಪೂರ್ತಿ ಕಡಿತವನ್ನು ಇಟಲಿಯವರ ಹೆಸರಿಗೆ ಬರೆದರೆ ಶುಲ್ಕವೂ ವಿನಿಮಯ ನಷ್ಟದ ವೇಷ ಹಾಕಿಕೊಂಡು ಕೂರುತ್ತದೆ.

ಎಲ್ಲ ಮುಗಿದ ಮೇಲೆ ಒಮ್ಮೆ ಕೂಡಿಸಿ ನೋಡಿ. ಮೊದಲ ವರ್ಷದ ಲಾಭ 10,185, ಎರಡನೇ ವರ್ಷದ ನಷ್ಟ 27,645. ಒಟ್ಟಿನಲ್ಲಿ ನಷ್ಟ 17,460. ಬ್ಯಾಂಕಿಗೆ ಕೊಟ್ಟ 4,75,785ರಲ್ಲಿ ಖರೀದಿಯ 4,58,325 ಕಳೆದರೂ ಬರುವುದು ಅದೇ 17,460. ಹೀಗೆ ಎರಡೂ ಕಡೆಯಿಂದ ಒಂದೇ ಅಂಕಿ ಬಂದರೆ ನಡುವಿನ ಎಂಟ್ರಿಗಳು ಬಿಟ್ಟುಹೋಗಿಲ್ಲ ಎಂದರ್ಥ. ಆದರೆ ಮೊದಲ ದಿನದ ದರವೇ ತಪ್ಪಾಗಿದ್ದರೆ ಈ ತಾಳೆ ಅದನ್ನು ಹಿಡಿಯುವುದಿಲ್ಲ. ಇನ್‌ವಾಯ್ಸಿನ ದಿನದ 93 ರೂಪಾಯಿ ಹಾಕಿದ್ದರೂ ಲೆಕ್ಕ ಕೊನೆಗೆ ಕೂಡಿಬರುತ್ತದೆ. ಬಿಡಿಭಾಗದ ವೆಚ್ಚ 7,275 ರೂಪಾಯಿ ಕಡಿಮೆಯಾಗಿ, ಅಷ್ಟೇ ಮೊತ್ತ ವಿನಿಮಯ ನಷ್ಟಕ್ಕೆ ಸರಿದಿರುತ್ತದೆ ಅಷ್ಟೆ. ಹಣದ ಮೊತ್ತ ಸರಿ, ಕೂತ ಜಾಗ ತಪ್ಪು. ಆದ್ದರಿಂದಲೇ ಮೊದಲ ದಿನಕ್ಕೆ ಇಷ್ಟು ಹೊತ್ತು ಕೊಟ್ಟದ್ದು.

ತಪ್ಪು ಹಿಡಿಯಲು ಇನ್ನೊಂದು ನೋಟವಿದೆ. ಇಟಲಿಯವರ ಲೆಜರ್ ತೆರೆದು ಯುರೋ ಮತ್ತು ರೂಪಾಯಿ ಎರಡನ್ನೂ ನೋಡಿ. ಯುರೋ ಬಾಕಿ ಸೊನ್ನೆ, ರೂಪಾಯಿ ಬಾಕಿ ಮಾತ್ರ ಉಳಿದಿದೆ ಎಂದರೆ ವಿನಿಮಯ ವ್ಯತ್ಯಾಸ ಹಾಕಿಲ್ಲ. ಯುರೋ ಬಾಕಿಯೇ ಸೊನ್ನೆಯಾಗಿಲ್ಲ ಎಂದರೆ ಫೋಟೊ ಓದುವಾಗ ಮೊತ್ತ ತಪ್ಪಿದೆ, ಇಲ್ಲವೇ ಬ್ಯಾಂಕ್ ಬೇರೆ ಮೊತ್ತ ಕಳಿಸಿದೆ. ಇನ್‌ವಾಯ್ಸ್, ಬಿಲ್ ಆಫ್ ಎಂಟ್ರಿ, ಬ್ಯಾಂಕ್ ಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಯುರೋ ಅಂಕಿ ಹೋಲಿಸಿ. ಬ್ಯಾಂಕಿನವರೂ ಆಮದಿನ ಪಾವತಿಯನ್ನು ಬಿಲ್ ಆಫ್ ಎಂಟ್ರಿಗೆ ಜೋಡಿಸಲೇಬೇಕು. ಅಲ್ಲಿ ಜೋಡಿಯಾಗದ್ದು ನಿಮ್ಮ ಪುಸ್ತಕದಲ್ಲಿ ಹೊಂದಿಕೊಂಡಂತೆ ಕಂಡರೂ ನಂಬಬೇಡಿ.

ನಾಳೆ ಇಂಥ ಫೋಟೊ ಬಂದರೆ ದರ ಹುಡುಕುವ ಮೊದಲು ಮಾಲೀಕರಿಗೆ ಒಂದು ಸಾಲು ಕಳಿಸಿ: ಏರ್‌ವೇ ಬಿಲ್ಲಿನ ಪ್ರತಿಯನ್ನೂ ಕಳಿಸಿ ಸರ್, ತಾರೀಖು ಅದರಲ್ಲಿದೆ.